ಡಬ್ಬಿ ಭಾಯ್ ಪಂಚಿಂಗ್ ಮೆಷಿನ್: ಬಡ್ಡಿ ಇಲ್ದೆ ಒಂದು ಮಾರಾಟ, ಫೈಲ್ ಬಿಚ್ಚಿ ನೋಡಿದ್ರೆ

ಹಗಲು ಹೊತ್ತು ಚಾಮರಾಜಪೇಟೆಯಲ್ಲಿ ಅಕೌಂಟ್ಸ್ ಬರಿಯೋದು, ಸಾಯಂಕಾಲ ಫೈನಲ್ ಇಯರ್ ಬಿಕಾಂ ಮಕ್ಕಳಿಗೆ ಟ್ಯೂಷನ್, ಇದು ನನ್ನ ಕಥೆ. ಹೋದ ಬ್ಯಾಚಲ್ಲಿ ಒಬ್ಳು ಹುಡುಗಿ ಕೇಳಿದ್ಲು, "ಸಾರ್, ಇಸ್ಲಾಮಿಕ್ ಫೈನಾನ್ಸಲ್ಲಿ ಬಡ್ಡಿ ಇಲ್ಲ ಅಂತಾರೆ, ಆದ್ರೆ ಲಾಭ ತಗೋತಾರೆ, ಕಂತು ಕಟ್ಟಿಸ್ಕೋತಾರೆ, ಬರೀ ಹೆಸ್ರು ಬದಲಾಯಿಸಿದ್ದಾರೆ ಅಷ್ಟೇ ಅಲ್ವಾ?" ಒಳ್ಳೆ ಪ್ರಶ್ನೆ. ಬಾಯಲ್ಲಿ ಹೇಳೋದಕ್ಕಿಂತ ಒಂದು ಫೈಲ್ ತೋರಿಸೋದೇ ವಾಸಿ ಅನ್ನಿಸ್ತು, ಅದೇ ಫೈಲ್ ಇಲ್ಲಿ ಬರೀತಿದ್ದೀನಿ. ಹೆಸ್ರುಗಳು ಬೇಡ, ಲೆಕ್ಕ ಮಾತ್ರ ನೋಡಿ.

ಗೋರಿಪಾಳ್ಯದ ಒಂದು ಗಲ್ಲೀಲಿ ಸ್ವೀಟ್ ಬಾಕ್ಸ್ ಮಾಡೋ ಒಬ್ರಿದ್ದಾರೆ, ನಾವೆಲ್ಲ ಡಬ್ಬಿ ಭಾಯ್ ಅಂತಾನೇ ಕರೆಯೋದು. ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿ ಡಬ್ಬಿ, ಬೇಕರಿಯವ್ರಿಗೆ ಪಫ್ಸ್ ಹಾಕೋ ಟ್ರೇ, ಇಂಥವು. ಬೋರ್ಡನ್ನ ಡಬ್ಬಿ ಆಕಾರಕ್ಕೆ ಕತ್ತರಿಸಿ ಮಡಚೋ ಗೆರೆ ಒತ್ತೋ ಪಂಚಿಂಗ್ ಕೆಲಸ ಇಷ್ಟು ದಿನ ಹೊರಗಡೆ ಕೊಟ್ಟು ಮಾಡಿಸ್ತಿದ್ರು, ಹಬ್ಬದ ಟೈಮಲ್ಲಿ ಆ ಕೆಲಸದವ್ರು ಕೈಕೊಡ್ತಿದ್ರು. ಅದಕ್ಕೆ ಸ್ವಂತ ಮೆಷಿನ್ ಬೇಕು. ಪೀಣ್ಯದ ಡೀಲರ್ ಹತ್ರ 8,00,000 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 1,44,000. ಬ್ಯಾಂಕಿಗೆ ಹೋದ್ರೆ ಸಾಲ ಸಿಗ್ತಿತ್ತು, ಅವ್ರ ರಿಟರ್ನ್ಸ್ ಎಲ್ಲಾ ಕ್ಲೀನ್ ಆಗೇ ಇದೆ. ಬಡ್ಡಿ ಬೇಡ ಅಂತ ಅವ್ರೇ ಹೋಗಲಿಲ್ಲ.

ನಾನು ಲೆಕ್ಕ ನೋಡ್ಕೊಳ್ಳೋ ಒಂದು ಸಹಕಾರಿ ಸೊಸೈಟಿ ಇದೆ, ಬಡ್ಡಿ ಇಲ್ದೆ ವ್ಯವಹಾರ ಮಾಡೋದು. ಸದಸ್ಯರಿಗೆ ಬೇಕಾದ ಸರಕನ್ನ ಕೊಂಡು ಮಾರೋದು ಅಂತ ಅವ್ರ ಬೈಲಾದಲ್ಲೇ ಬರೆದಿದೆ, ಜಿಎಸ್‌ಟಿ ನಂಬರ್ ಕೂಡ ಇದೆ. ಇದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ನಿಷೇಧ ಯಾವುದಕ್ಕೆ ಅಂತ ಸರಿಯಾಗಿ ಹಿಡ್ಕೊಳ್ಳೋಣ, ಯಾಕಂದ್ರೆ ಎಲ್ಲರೂ ಇಲ್ಲೇ ಜಾರೋದು. ಅರಬ್ಬಿಯಲ್ಲಿ ರಿಬಾ ಅಂದ್ರೆ ಹೆಚ್ಚಳ. ಸಾಲ ಕೊಟ್ಟು, ಕೊಟ್ಟಿದ್ದಕ್ಕಿಂತ ಜಾಸ್ತಿ ವಾಪಸ್ ಬರ್ಬೇಕು ಅಂತ ಷರತ್ತು ಹಾಕಿದ್ರೆ ಆ ಜಾಸ್ತಿ ಭಾಗ ರಿಬಾ, ಅದು ನೂರಕ್ಕೆ ಒಂದಾಗ್ಲಿ ಮೂವತ್ತಾಗ್ಲಿ, ಬಹುಪಾಲು ಉಲಮಾಗಳ, ಅಂದ್ರೆ ಇಸ್ಲಾಮಿಕ್ ಪಂಡಿತರ, ಪ್ರಕಾರ ಎರಡೂ ಒಂದೇ. ಕೊಟ್ಟ ಸಾಲದ ಅವಧಿ ಮುಗಿದ್ಮೇಲೆ "ಇನ್ನೂ ಟೈಮ್ ಕೊಡ್ತೀನಿ, ಆದ್ರೆ ಮೊತ್ತ ಜಾಸ್ತಿ ಮಾಡು" ಅನ್ನೋದೂ ಅದೇ. ಹಾಗಂತ ಲಾಭಕ್ಕೆ ನಿಷೇಧ ಇಲ್ಲ, ಬಾಡಿಗೆಗಿಲ್ಲ, ಕಂತಿನಲ್ಲಿ ಮಾರೋದಕ್ಕೂ ಇಲ್ಲ. ಒಂದು ವಸ್ತುವನ್ನ ಕ್ಯಾಷ್‌ಗೆ ನೂರು, ಆರು ತಿಂಗಳ ಕಡಕ್ಕೆ ನೂರಹತ್ತು ಅಂತ ಎರಡು ಬೆಲೆ ಹೇಳ್ಬಹುದು. ಆದ್ರೆ ಎದ್ದು ಹೋಗೋಕೆ ಮುಂಚೆ ಎರಡ್ರಲ್ಲಿ ಯಾವುದು ಅಂತ ತೀರ್ಮಾನ ಆಗ್ಬೇಕು, ಆದ್ಮೇಲೆ ಆ ಬೆಲೆ ಕದಲೋ ಹಾಗಿಲ್ಲ. ಅಂದ್ರೆ ಕಾಲಕ್ಕೆ ಬೆಲೆ ಇಲ್ಲವೇ ಇಲ್ಲ ಅಂತ ಇವ್ರು ಹೇಳ್ತಿಲ್ಲ. ವಸ್ತು ಮಾರುವಾಗ ಬೆಲೆಯೊಳಗೆ ಕಾಲ ಸೇರಬಹುದು, ಒಂದು ಸಲ ಅದು ಸಾಲ ಆಗಿ ನಿಂತ್ಮೇಲೆ ಕಾಲ ಕಳೆದಂಗೆ ಅದು ಬೆಳೆಯೋ ಹಾಗಿಲ್ಲ.

ತಮಾಷೆ ಏನಂದ್ರೆ ಆ ಹುಡುಗಿ ಕೇಳಿದ ಪ್ರಶ್ನೆ ಕುರಾನ್‌ನಲ್ಲೇ ಇದೆ. ಎರಡನೇ ಅಧ್ಯಾಯದ 275ನೇ ವಚನದಲ್ಲಿ, ವ್ಯಾಪಾರವೂ ರಿಬಾ ಥರಾನೇ ಅಲ್ವಾ ಅಂತ ಜನ ಹೇಳ್ತಾರೆ ಅಂತ ಬಂದು, ಅದಕ್ಕೆ ಉತ್ತರವಾಗಿ ಅಲ್ಲಾಹ್ ವ್ಯಾಪಾರಕ್ಕೆ ಅನುಮತಿ ಕೊಟ್ಟಿದ್ದಾನೆ, ರಿಬಾ ನಿಷೇಧ ಮಾಡಿದ್ದಾನೆ ಅಂತ ಇದೆ. ಅಲ್ಲಿಂದ ಮುಂದಿನದೆಲ್ಲ ಫಿಕ್ಹ್, ಅಂದ್ರೆ ಇಸ್ಲಾಮಿಕ್ ಧರ್ಮಶಾಸ್ತ್ರ, ಬಲ್ಲ ಪಂಡಿತರ ಕೆಲಸ, ವ್ಯಾಪಾರ ಎಲ್ಲಿ ಮುಗಿಯುತ್ತೆ ರಿಬಾ ಎಲ್ಲಿ ಶುರುವಾಗುತ್ತೆ ಅಂತ ಗೆರೆ ಎಳೆಯೋದು.

ಡಬ್ಬಿ ಭಾಯ್‌ಗೆ ಸೊಸೈಟಿ ಬಳಸಿದ್ದು ಮುರಾಬಹಾ. ಸರಳವಾಗಿ ಹೇಳೋದಾದ್ರೆ, ಸೊಸೈಟಿ ದುಡ್ಡು ಕೊಡಲ್ಲ, ಮೆಷಿನ್ನನ್ನೇ ತಾನು ಕೊಂಡು, ನನಗೆ ಇಷ್ಟು ಬಿತ್ತು, ಇಷ್ಟು ಲಾಭ ಇಟ್ಕೊಂಡಿದ್ದೀನಿ ಅಂತ ಅಸಲು ಲಾಭ ಎರಡೂ ಬಾಯ್ಬಿಟ್ಟು ಹೇಳಿ, ಕಂತಿನ ಮೇಲೆ ಮಾರುತ್ತೆ. ಮಾಮೂಲಿ ಅಂಗಡಿಯವನು ತನ್ನ ಅಸಲು ಹೇಳಲ್ಲ, ಇಲ್ಲಿ ಹೇಳಲೇಬೇಕು.

ಫೈಲ್ ಬಂದ ದಿನಾನೇ ಎಡವಟ್ಟು. ನಮ್ಮ ಭಾಯ್ ಉತ್ಸಾಹದಲ್ಲಿ ಆಗ್ಲೇ ಡೀಲರ್‌ಗೆ 50,000 ಅಡ್ವಾನ್ಸ್ ಕೊಟ್ಟು, ಕೊಟೇಷನ್ನು ಆರ್ಡರ್ ಫಾರ್ಮು ಎಲ್ಲಾ ತಮ್ಮ ಹೆಸರಲ್ಲಿ ಮಾಡಿಸ್ಕೊಂಡು ಬಂದಿದ್ರು. "ಬ್ಯಾಲೆನ್ಸ್ ಚೆಕ್ ನೀವು ಡೀಲರ್‌ಗೆ ಕೊಟ್ಬಿಡಿ, ನಾನು ಕಂತು ಕಟ್ಕೊಂಡು ಹೋಗ್ತೀನಿ" ಅಂದ್ರು. ಮ್ಯಾನೇಜರ್‌ಗೂ ಅದೇ ಸುಲಭ. ಸೊಸೈಟಿಗೆ ಸಲಹೆ ಕೊಡೋ ಮುಫ್ತಿ ಸಾಹೇಬ್ರು ಪೇಪರ್ ನೋಡಿ ಅಲ್ಲೇ ನಿಲ್ಲಿಸಿದ್ರು. ಅವ್ರು ಕೇಳಿದ್ದು ಒಂದೇ, "ಈ ಮೆಷಿನ್ ಈಗ ಯಾರದ್ದು?" ಭಾಯ್ ಆಗ್ಲೇ ಕೊಂಡಾಗಿದೆ ಅಂದ್ರೆ ಸೊಸೈಟಿಗೆ ಕೊಳ್ಳೋಕೆ ಏನೂ ಉಳಿದಿಲ್ಲ. ಆಮೇಲೆ ಸೊಸೈಟಿ ಕೊಡೋದು ಬರೀ ದುಡ್ಡು, ಅದ್ರ ಮೇಲೆ ಲಾಭ ಅಂತ ತಗೊಳ್ಳೋ 90,000 ಏನಿದ್ರೂ ಬಡ್ಡೀನೇ, ಪೇಪರ್ ಮೇಲೆ ಮುರಾಬಹಾ ಅಂತ ಎಷ್ಟೇ ದಪ್ಪ ಅಕ್ಷರದಲ್ಲಿ ಬರೆದ್ರೂನೂ.

ಇದು ಬರೀ ಮಡಿವಂತಿಕೆ ಅಂದ್ಕೋಬೇಡಿ. ಬಹ್ರೇನ್‌ನಲ್ಲಿ ಆಯೋಫಿ ಅಂತ ಒಂದು ಸಂಸ್ಥೆ ಇದೆ, ಇಸ್ಲಾಮಿಕ್ ಫೈನಾನ್ಸ್‌ಗೆ ಅಕೌಂಟಿಂಗ್ ಮತ್ತು ಶರೀಅ ಸ್ಟ್ಯಾಂಡರ್ಡ್ ಬರೆಯೋರು, ಅವ್ರ ಮುರಾಬಹಾ ಸ್ಟ್ಯಾಂಡರ್ಡಲ್ಲೂ ಗಿರಾಕಿಗೂ ಡೀಲರ್‌ಗೂ ಮುಂಚೆನೇ ಒಪ್ಪಂದ ಇದ್ರೆ ಅದು ನಿಜವಾಗ್ಲೂ ರದ್ದಾಗಿರಬೇಕು ಅಂತ ಇದೆ. ನೀವು ಆಡಿಟ್‌ಗೆ ಹೋದ್ರೆ ಇಂಥದ್ದನ್ನ ಕಂಡುಹಿಡಿಯೋಕೆ ಧರ್ಮಶಾಸ್ತ್ರ ಓದಿರ್ಬೇಕಿಲ್ಲ, ತಾರೀಕು ನೋಡಿದ್ರೆ ಸಾಕು. ಡೀಲರ್ ಬಿಲ್ ಯಾರ ಹೆಸರಲ್ಲಿದೆ, ಅದ್ರ ತಾರೀಕು ಏನು, ಸೊಸೈಟಿ ಮಾರಿದ ಬಿಲ್ ತಾರೀಕು ಏನು, ಮಧ್ಯ ಮೆಷಿನ್ ಯಾರ ಕೈಲಿತ್ತು ಅಂತ ತೋರ್ಸೋ ಡೆಲಿವರಿ ಚಲನ್ ಇದೆಯಾ. ಎರಡನೇ ಬಿಲ್ ಮೊದಲನೇದಕ್ಕಿಂತ ಮುಂಚಿನ ತಾರೀಕಿದ್ರೆ ಕೈಯಲ್ಲಿ ಇಲ್ಲದ್ದನ್ನ ಮಾರಿದ್ದಾರೆ ಅಂತ ಅರ್ಥ. ನಾನು ಇಂಥ ಫೈಲ್‌ಗಳನ್ನ ನೋಡಿದ್ದೀನಿ, ಎಲ್ಲಾ ಪೇಪರ್ರೂ ಒಂದೇ ದಿನ ಒಂದೇ ಪೆನ್ನಲ್ಲಿ ಸೈನ್ ಆಗಿರುತ್ತೆ.

ಸರಿ, ಡೀಲರ್ ಹತ್ರ ಆರ್ಡರ್ ಕ್ಯಾನ್ಸಲ್ ಮಾಡಿಸಿ 50,000 ವಾಪಸ್ ತಂದಾಯ್ತು. ಈಗ ಕೊಟೇಷನ್ ಸೊಸೈಟಿ ಹೆಸರಲ್ಲಿ. ನೀವು ಕೊಂಡ್ರೆ ನಾನು ತಗೋತೀನಿ ಅಂತ ಭಾಯ್ ಒಂದು ವಾಗ್ದಾನ ಪತ್ರ ಬರ್ಕೊಟ್ರು, ಅದು ಮಾರಾಟ ಅಲ್ಲ, ಬರೀ ಮಾತು. ಮಾತಿಗೆ ಭದ್ರತೆ ಅಂತ ಅದೇ 50,000 ಸೊಸೈಟೀಲಿ ಇಟ್ರು. ನಾಳೆ ಭಾಯ್ ಬೇಡ ಅಂದ್ರೆ ಸೊಸೈಟಿ ಆ ಮೆಷಿನ್ನನ್ನ ಬೇರೆಯವ್ರಿಗೆ ಮಾರಿ, ನಿಜವಾಗ್ಲೂ ಎಷ್ಟು ನಷ್ಟ ಆಯ್ತೋ ಅಷ್ಟನ್ನ ಮಾತ್ರ ಇದ್ರಲ್ಲಿ ಹಿಡ್ಕೋಬಹುದು, ಬಂದ್ರೆ ಬರ್ಲಿ ಅಂತ ಪೂರ್ತಿ ನುಂಗೋ ಹಾಗಿಲ್ಲ.

ಈಗ ಲೆಕ್ಕ. ಮೆಷಿನ್ 8,00,000, ಲಾರಿ ಮತ್ತೆ ಕ್ರೇನ್ 10,000, ಒಟ್ಟು ಅಸಲು 8,10,000. ಲಾಭ 90,000. ಮಾರೋ ಬೆಲೆ 9,00,000. ಇದ್ರ ಮೇಲೆ ಜಿಎಸ್‌ಟಿ 1,62,000, ಒಟ್ಟು 10,62,000. ಮಾರಾಟದ ದಿನ ಭಾಯ್ ಜಿಎಸ್‌ಟಿ ಪೂರ್ತಿ, ಜೊತೆಗೆ ಬೆಲೆಯಲ್ಲಿ 1,80,000, ಒಟ್ಟು 3,42,000 ಕೊಟ್ರು, ಭದ್ರತೆಯ 50,000 ಇದ್ರಲ್ಲೇ ಅಡ್ಜಸ್ಟ್. ಉಳಿದ 7,20,000 ತಿಂಗಳಿಗೆ 30,000ದಂತೆ 24 ಕಂತು.

ಸೊಸೈಟಿ ಕಡೆಯಿಂದ ನೋಡಿ. ಡೀಲರ್‌ಗೆ ಮತ್ತು ಲಾರಿಗೆ 9,54,000 ಹೋಯ್ತು, ಭಾಯ್‌ಯಿಂದ 3,42,000 ಬಂತು, ಜಿಎಸ್‌ಟಿಗೆ ಕೈಯಿಂದ 18,000 ಕಟ್ಬೇಕು, ಯಾಕಂದ್ರೆ ವಸೂಲಿ ಮಾಡಿದ್ದು 1,62,000, ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಗೋ ಇನ್‌ಪುಟ್ ಕ್ರೆಡಿಟ್ 1,44,000. ಅಂದ್ರೆ ಸೊಸೈಟಿ ದುಡ್ಡು ಸಿಕ್ಕಿಕೊಂಡಿರೋದು 6,30,000, ಎರಡು ವರ್ಷದಲ್ಲಿ ವಾಪಸ್ ಬರೋದು 7,20,000. ಫ್ಲಾಟ್ ಲೆಕ್ಕದಲ್ಲಿ ವರ್ಷಕ್ಕೆ 7 ಪರ್ಸೆಂಟ್ ಥರ ಕಾಣುತ್ತೆ, ಆದ್ರೆ ಅಸಲು ತಿಂಗಳು ತಿಂಗಳು ಕರಗ್ತಾ ಬರೋದ್ರಿಂದ ನಿಜವಾದ ರಿಟರ್ನ್ ಸುಮಾರು 13 ಪರ್ಸೆಂಟ್. ಇದನ್ನ ಕ್ಲಾಸಲ್ಲಿ ಎಕ್ಸೆಲ್ ಹಾಕಿ ತೋರಿಸಿದ್ಮೇಲೆ ಅದೇ ಹುಡುಗಿ ಬ್ಯಾಂಕ್ ಲೆಕ್ಕಾನೂ ಹಾಕಿದ್ಲು. 6,30,000 ಸಾಲ, 13 ಪರ್ಸೆಂಟ್, 24 ತಿಂಗಳು, ಇಎಂಐ 29,950 ಚಿಲ್ರೆ. "ನೋಡಿ ಸಾರ್, 50 ರೂಪಾಯಿ ವ್ಯತ್ಯಾಸ!" ಇಡೀ ಕ್ಲಾಸ್ ನಕ್ಕಿತು. ನಗಲಿ ಬಿಡಿ, ಕ್ಯಾಷ್ ಫ್ಲೋ ಮಾತ್ರ ನೋಡಿದ್ರೆ ಅವಳು ಹೇಳಿದ್ದು ನಿಜ. ಲಾಭ ಎಷ್ಟಿಡ್ಬೇಕು ಅಂತ ಯೋಚಿಸುವಾಗ ಸೊಸೈಟಿ ಮ್ಯಾನೇಜರ್ ಕೂಡ ಪಕ್ಕದ ಬ್ಯಾಂಕ್ ರೇಟ್ ನೋಡ್ಕೊಂಡೇ ಇಟ್ಟಿದ್ದು, ಅದನ್ನ ಮುಚ್ಚಿಡೋದೇನಿದೆ. ಪಕ್ಕದ ಅಂಗಡಿ ರೇಟ್ ನೋಡಿ ನಮ್ಮ ರೇಟ್ ಇಟ್ರೆ ನಮ್ಮ ವ್ಯಾಪಾರ ಹರಾಮ್ ಆಗಲ್ಲ ಅನ್ನೋದು ಪಂಡಿತರ ಮಾತು, ಆದ್ರೆ ಅವ್ರಿಗೂ ಅದು ಅಷ್ಟೇನೂ ಇಷ್ಟದ ವಿಷಯ ಅಲ್ಲ.

ವ್ಯತ್ಯಾಸ ಎಲ್ಲಿ ಅಂದ್ರೆ, ಎಲ್ಲಾ ಸರಿಯಾಗಿ ನಡೆದಾಗ ಕಾಣಲ್ಲ, ಏನಾದ್ರೂ ಕೆಟ್ಟಾಗ ಕಾಣುತ್ತೆ. ನಮ್ಮ ಅದೃಷ್ಟಕ್ಕೆ, ಭಾಯ್ ದುರದೃಷ್ಟಕ್ಕೆ ಅನ್ನಿ, ಈ ಫೈಲಲ್ಲಿ ಮೂರು ಸಲ ಕೆಡ್ತು.

ಮೊದಲನೇದು ಮೆಷಿನ್ ತಂದ ದಿನ. ಪೀಣ್ಯದಲ್ಲಿ ಸೊಸೈಟಿ ಹುಡುಗ ಚಲನ್‌ಗೆ ಸೈನ್ ಹಾಕಿ ಡೆಲಿವರಿ ತಗೊಂಡ, ಸೊಸೈಟಿಯವ್ರು ಗೊತ್ತುಮಾಡಿದ ಲಾರಿ, ಕಾರ್ಡ್ ರೋಡ್ ದಾಟಿ ಮೈಸೂರು ರೋಡಿಗೆ ಬಂದು ಗಲ್ಲಿ ಬಾಯಲ್ಲಿ ನಿಂತು, ಕ್ರೇನಲ್ಲಿ ಇಳಿಸುವಾಗ ಬೆಲ್ಟ್ ಜಾರಿ ಮೆಷಿನ್ನಿನ ಒಂದು ಮಗ್ಗುಲು ಕಾಂಪೌಂಡ್ ಗೋಡೆಗೆ ಬಡೀತು. ಎಲೆಕ್ಟ್ರಿಕ್ ಪ್ಯಾನಲ್ ಡಬ್ಬ ಒಳಕ್ಕೆ ಹೋಗಿ ಎರಡು ಕಾಂಟ್ಯಾಕ್ಟರ್ ಒಡೆದವು. ರಿಪೇರಿಗೆ 14,000. ಆಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ರು, ಇದು ಯಾರ ಲೆಕ್ಕಕ್ಕೆ? ಭಾಯ್‌ಗೆ ಮಾರಿದ ಬಿಲ್ ಇನ್ನೂ ಆಗಿರಲಿಲ್ಲ, ಮೆಷಿನ್ ಇಳಿಸಿ ಚೆಕ್ ಮಾಡಿದ್ಮೇಲೆ ಸೈನ್ ಅಂತ ಇತ್ತು. ಅಲ್ಲೀವರೆಗೂ ಮಾಲೀಕ ಸೊಸೈಟಿ, ಒಡೆದದ್ದು ಸೊಸೈಟಿ ಮಾಲು. ಬೆಲೆ 9,00,000 ಅಂತ ಮಾತು ಕೊಟ್ಟಾಗಿದೆ. 14,000 ಸೊಸೈಟೀನೇ ಕೊಡ್ತು, ಲಾಭ 90,000 ಇದ್ದದ್ದು 76,000 ಆಯ್ತು. ಬ್ಯಾಂಕ್ ಸಾಲ ಆಗಿದ್ರೆ? ದುಡ್ಡು ಡೀಲರ್ ಅಕೌಂಟ್‌ಗೆ ಬಿದ್ದ ಕ್ಷಣದಿಂದ ಸಾಲ ಭಾಯ್‌ದು, ಮೆಷಿನ್ ರೋಡಲ್ಲಿ ಪುಡಿಪುಡಿ ಆದ್ರೂ ಇಎಂಐ ನಿಲ್ಲಲ್ಲ. ಸೊಸೈಟಿ ಮಾಲೀಕ ಆಗಿದ್ದು ಹೆಚ್ಚುಕಮ್ಮಿ ಒಂದು ದಿನ, ಅಷ್ಟೇ. ಆದ್ರೆ ಆ 90,000 ತಗೊಳ್ಳೋ ಹಕ್ಕು ಬಂದಿದ್ದು ಆ ಒಂದು ದಿನದ ರಿಸ್ಕಿನಿಂದ. ಹೊರದೇಶದ ದೊಡ್ಡ ದೊಡ್ಡ ಇಸ್ಲಾಮಿಕ್ ಬ್ಯಾಂಕ್‌ಗಳು ಈ ಒಂದು ದಿನವನ್ನ ಐದು ನಿಮಿಷಕ್ಕೆ ಇಳಿಸ್ಕೊಂಡಿವೆ, ಅದೇ ಅವ್ರ ಮೇಲಿರೋ ದೊಡ್ಡ ಟೀಕೆ.

ಇಲ್ಲೇ ನಮ್ಮ ದೇಶದ ಕಾನೂನು ಅಡ್ಡ ಬರೋದು. ಮುರಾಬಹಾ ಮಾಡೋರು ಸರಕು ಕೊಳ್ಳಬೇಕು, ಮಾರಬೇಕು. 1949ರ ಬ್ಯಾಂಕಿಂಗ್ ರೆಗ್ಯುಲೇಷನ್ ಆಕ್ಟ್‌ನ 8ನೇ ಸೆಕ್ಷನ್ ಬ್ಯಾಂಕ್‌ಗಳು ಸರಕು ವ್ಯಾಪಾರ ಮಾಡಬಾರದು ಅಂತ ಹೇಳುತ್ತೆ, ಕೊಟ್ಟ ಸಾಲಕ್ಕೆ ಬಂದ ಅಡಮಾನದ ಮಾಲು ಮಾರೋದು ಇಂಥವು ಬಿಟ್ರೆ. ಅಂದ್ರೆ ಧರ್ಮ ಹೇಳೋದು ವ್ಯಾಪಾರಿ ಆಗು ಅಂತ, ಬ್ಯಾಂಕ್ ಕಾನೂನು ಹೇಳೋದು ವ್ಯಾಪಾರಿ ಆಗ್ಬೇಡ ಅಂತ. 2008ರಲ್ಲಿ ರಘುರಾಂ ರಾಜನ್ ಕಮಿಟಿ ಬಡ್ಡಿರಹಿತ ಬ್ಯಾಂಕಿಂಗ್‌ಗೂ ಜಾಗ ಮಾಡ್ಬೇಕು ಅಂತ ಶಿಫಾರಸು ಮಾಡಿತ್ತು, 2017ರಲ್ಲಿ ಒಂದು ಆರ್‌ಟಿಐಗೆ ಉತ್ತರವಾಗಿ ರಿಸರ್ವ್ ಬ್ಯಾಂಕ್ ಈ ಪ್ರಸ್ತಾಪ ಮುಂದುವರಿಸಲ್ಲ ಅಂತ ಹೇಳ್ತು. ಹಾಗಾಗಿ ಇಂಥ ಫೈಲ್ ನೀವು ನೋಡೋದು ಸಣ್ಣ ಸೊಸೈಟಿಗಳಲ್ಲಿ, ಬ್ಯಾಂಕಲ್ಲಲ್ಲ.

ಜಿಎಸ್‌ಟಿ ವಿಷಯಾನೂ ಇಲ್ಲೇ ಮುಗಿಸ್ಬಿಡ್ತೀನಿ. ಸಾಲದ ಬಡ್ಡಿ ಮೇಲೆ ಜಿಎಸ್‌ಟಿ ಇಲ್ಲ, ವಿನಾಯ್ತಿ. ಆದ್ರೆ ಮುರಾಬಹಾ ಕಾನೂನಿನ ಕಣ್ಣಿಗೆ ಅಪ್ಪಟ ಮಾರಾಟ, ಹಾಗಾಗಿ ಲಾಭಕ್ಕೂ ಸಾಗಾಣಿಕೆಗೂ ಸೇರಿಸಿ ಇಡೀ 9 ಲಕ್ಷಕ್ಕೆ ತೆರಿಗೆ. 18,000 ಜಾಸ್ತಿ ಕಟ್ಟಿದ್ದು ಅದೇ. ಭಾಯ್ ರೆಗ್ಯುಲರ್ ಸ್ಕೀಮಲ್ಲಿ ಇದ್ದಿದ್ರಿಂದ 1,62,000 ಪೂರ್ತಿ ಕ್ರೆಡಿಟ್ ಸಿಕ್ತು, ಸ್ವಲ್ಪ ದಿನ ದುಡ್ಡು ಬ್ಲಾಕ್ ಆಯ್ತು ಅಷ್ಟೇ. ಕ್ರೆಡಿಟ್ ಸಿಗದ ಕಾಂಪೋಸಿಷನ್ ಸ್ಕೀಮಲ್ಲಿ ಇದ್ದಿದ್ರೆ ಆ 18,000 ನೀರಲ್ಲಿ ಹೋಮ. ಗಿರಾಕಿ ಯಾವ ಸ್ಕೀಮಲ್ಲಿದ್ದಾನೆ ಅಂತ ಕೇಳದೆ ಬೆಲೆ ಹೇಳೋ ಮ್ಯಾನೇಜರ್‌ಗಳನ್ನ ನೋಡಿದ್ದೀನಿ, ಆಮೇಲೆ ಜಗಳ.

ಎರಡನೇ ಸಲ ಕೆಟ್ಟಿದ್ದು ಒಂಬತ್ತನೇ ಕಂತಲ್ಲಿ. ಭಾಯ್‌ಯಿಂದ ಮಾಲು ತಗೊಳ್ತಿದ್ದ ಒಬ್ಬ ಹೋಲ್‌ಸೇಲ್ ಗಿರಾಕಿಯ ಚೆಕ್ ಬೌನ್ಸ್ ಆಯ್ತು, ಒಂಬತ್ತು ಹತ್ತು ಎರಡೂ ಕಂತು ತಪ್ಪಿದ್ವು. ಬ್ಯಾಂಕಲ್ಲಾದ್ರೆ ಬಾಕಿ ಮೇಲೆ ಬಡ್ಡಿ ಓಡ್ತಾನೇ ಇರುತ್ತೆ, ಮೇಲೆ ದಂಡ. ಇಲ್ಲಿ ಬೆಲೆ ಅವತ್ತೇ ಮುಗಿದ ಮಾತು, 30,000 ಅಂದ್ರೆ 30,000, ಒಂದು ತಿಂಗಳು ಲೇಟಾದ್ರೂ ಒಂದು ವರ್ಷ ಲೇಟಾದ್ರೂ. ಸಾಲಗಾರ ಕಷ್ಟದಲ್ಲಿದ್ರೆ ಅನುಕೂಲ ಆಗೋವರೆಗೆ ಕಾಲಾವಕಾಶ ಕೊಡಿ ಅಂತ ಅದೇ ಅಧ್ಯಾಯದ 280ನೇ ವಚನ. ಬೌನ್ಸ್ ಆದ ಚೆಕ್, ಬ್ಯಾಂಕ್ ಮೆಮೊ ನೋಡಿ ಸೊಸೈಟಿ ಒಪ್ಕೊಳ್ತು.

ಹನ್ನೊಂದನೇ ಕಂತು ಬೇರೆ ಕಥೆ. ದುಡ್ಡು ಬಂದಿತ್ತು, ಭಾಯ್ ಮಗನಿಗೆ ಸ್ಕೂಟರ್ ಬುಕ್ ಮಾಡ್ಬಿಟ್ಟಿದ್ರು! ಇಂಥದ್ದಕ್ಕೇ ಒಂದು ಕಲಮು ಇರುತ್ತೆ. ಕೈಲಿದ್ದೂ ತಡ ಮಾಡಿದ್ರೆ ಕಂತಿನ 2 ಪರ್ಸೆಂಟ್ ದಾನ ಕೊಡ್ತೀನಿ ಅಂತ ಗಿರಾಕಿ ಮೊದಲೇ ಒಪ್ಕೊಂಡಿರ್ತಾನೆ. 600 ರೂಪಾಯಿ ಆಯ್ತು. ಆ ದುಡ್ಡು ಸೊಸೈಟಿ ಆದಾಯ ಅಲ್ಲ. ನಾನು ಅಭ್ಯಾಸ ಬಲದಿಂದ ಇತರೆ ಆದಾಯ ಅಂತ ಪಿ ಅಂಡ್ ಎಲ್‌ಗೆ ಹಾಕ್ಬಿಟ್ಟಿದ್ದೆ, ಮುಫ್ತಿ ಸಾಹೇಬ್ರು ಲೆಡ್ಜರ್ ನೋಡಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಕಳಿಸಿದ್ರು. ಲಯಬಿಲಿಟಿ ಕಡೆ ದಾನದ ಖಾತೆ ಅಂತ ತೆಗೆದು ಅಲ್ಲಿಗೆ ಹಾಕಿ, ಡಯಾಲಿಸಿಸ್ ಮಾಡಿಸ್ಕೊಳ್ತಿದ್ದ ಒಬ್ಬರಿಗೆ ಕೊಟ್ಟು ಖಾತೆ ಸೊನ್ನೆ ಮಾಡಿದ್ವಿ. ಗಿರಾಕಿಗೆ ಚುರುಕು ಮುಟ್ಟಬೇಕು, ಆದ್ರೆ ತಡ ಆಗಿದ್ರಿಂದ ಸಾಲ ಕೊಟ್ಟವನಿಗೆ ಒಂದು ಪೈಸೆ ಲಾಭ ಆಗಬಾರದು. ನೀವು ಯಾವುದಾದ್ರೂ ಇಸ್ಲಾಮಿಕ್ ಸಂಸ್ಥೆ ಲೆಕ್ಕ ನೋಡುವಾಗ ಲೇಟ್ ಫೀ ಎಲ್ಲಿ ಕೂತಿದೆ ಅಂತ ಮೊದಲು ಹುಡುಕಿ, ಬೇರೆ ಎಲ್ಲಾ ಅದ್ರಿಂದ ಗೊತ್ತಾಗುತ್ತೆ.

ತಪ್ಪಿದ ಮೂರು ಕಂತನ್ನ ಕೊನೆಗೆ ತಳ್ಳಿ 27 ತಿಂಗಳು ಅಂತ ಮಾಡಿದ್ರು, ಒಟ್ಟು ಅದೇ 7,20,000. ಈಗ ಆ ಒಡೆದ ಪ್ಯಾನಲ್ಲೂ ಸೇರಿಸಿ ಸೊಸೈಟಿ ರಿಟರ್ನ್ ಮತ್ತೆ ಲೆಕ್ಕ ಹಾಕಿ ನೋಡಿ, 13 ಇದ್ದದ್ದು ಒಂಬತ್ತೂವರೆಗೆ ಇಳಿದಿರುತ್ತೆ. ಇದು ಬರೀ ದಯೆ ಧರ್ಮದ ವಿಷಯ ಅಲ್ಲ, ಯಾರಿಗೆ ಕೊಡ್ತಾರೆ ಅನ್ನೋದೇ ಇದ್ರಿಂದ ಬದಲಾಗುತ್ತೆ. ತಡಕ್ಕೆ ಬೆಲೆ ಹಾಕೋ ಹಾಗಿಲ್ಲ ಅಂದ್ರೆ ತಡ ಆಗೋ ಥರದವ್ರನ್ನ ಒಳಗೇ ಬಿಡಲ್ಲ. ಇಬ್ಬರು ಜಾಮೀನು, ಮುಂಗಡ ಚೆಕ್ಕು, ಮೆಷಿನ್ ಮೇಲೆ ಅಡಮಾನ, ಅವಧಿ ಎರಡು ವರ್ಷದೊಳಗೆ. ನಿಜವಾಗ್ಲೂ ಬಡವ್ರಿಗೆ ಸಿಗ್ಬೇಕು ಅಂತ ಶುರುವಾದ ಸೊಸೈಟೀಲಿ ಕೊನೆಗೆ ಸಿಗೋದು ಡಬ್ಬಿ ಭಾಯ್ ಥರ ರಿಟರ್ನ್ಸ್ ಕ್ಲೀನ್ ಇರೋರಿಗೆ. ನನಗೆ ಇದು ಬೇಜಾರಿನ ವಿಷಯ, ಆದ್ರೆ ಮ್ಯಾನೇಜರ್ ಜಾಗದಲ್ಲಿ ಕೂತ್ರೆ ನಾನೂ ಅದೇ ಮಾಡ್ತೀನಿ.

ಬೇಗ ಕಟ್ಟಿದ್ರೆ ಕಮ್ಮಿ ಆಗುತ್ತಾ ಅಂತ ಮಕ್ಕಳು ಕೇಳಿದ್ರು. ಹಕ್ಕಾಗಿ ಇಲ್ಲ, ಬೇಗ ಕೊಟ್ರೆ ಇಷ್ಟು ಕಡಿತ ಅಂತ ಕರಾರಿನಲ್ಲಿ ಬರೆದ್ರೆ ಅದೂ ಕಾಲಕ್ಕೆ ಬೆಲೆ ಹಾಕಿದಂಗೇ ಅಂತ ಬಹಳ ಪಂಡಿತರ ಅಭಿಪ್ರಾಯ. ಸೊಸೈಟಿ ತಾನಾಗೇ ಮನಸ್ಸು ಮಾಡಿ ಬಿಟ್ಕೊಟ್ರೆ ಅಡ್ಡಿ ಇಲ್ಲ.

ಇಷ್ಟು ಹೊತ್ತು ಸೊಸೈಟಿ ಕೊಟ್ಟಿದ್ದರ ಬಗ್ಗೆ ಹೇಳ್ದೆ, ಅದು ದುಡ್ಡು ತಗೊಳ್ಳೋದು ಹೆಂಗೆ ಅನ್ನೋದೂ ಒಂದ್ಮಾತು. ಸದಸ್ಯರು ಇಟ್ಟ ದುಡ್ಡಿಗೆ ವರ್ಷಕ್ಕೆ ಇಂತಿಷ್ಟು ಅಂತ ಗ್ಯಾರಂಟಿ ಕೊಡೋ ಹಾಗಿಲ್ಲ, ಬಂದ ಲಾಭದಲ್ಲಿ ಇಷ್ಟು ಪಾಲು ಅಂತ ಮಾತ್ರ. ಭಾಯ್ ಫೈಲಲ್ಲಿ 14,000 ಹೋಯ್ತಲ್ಲ, ಅದು ಆ ವರ್ಷ ಎಲ್ಲರ ಪಾಲಲ್ಲೂ ಚೂರು ಚೂರು ಕಮ್ಮಿ ಮಾಡ್ತು. ಬೆಂಗಳೂರಿನವ್ರಿಗೆ ಇದನ್ನ ಒತ್ತಿ ಹೇಳ್ಬೇಕು. 2019ರ ಜೂನಲ್ಲಿ ಶಿವಾಜಿನಗರದ ಐಎಂಎ ಅನ್ನೋ ಹೂಡಿಕೆ ಕಂಪನಿ ಬಿತ್ತಲ್ಲ, ಅಲ್ಲೂ ಬಡ್ಡಿ ಅಲ್ಲ ಹಲಾಲ್ ಲಾಭ ಅಂತಾನೇ ಜನ ದುಡ್ಡು ಇಟ್ಟಿದ್ದು, ಪೇಪರ್ ಮೇಲೆ ಅವ್ರೆಲ್ಲಾ ಪಾರ್ಟ್‌ನರ್‌ಗಳು. ಹೊಸಬರ ದುಡ್ಡನ್ನ ಹಳಬರಿಗೆ ಲಾಭ ಅಂತ ಕೊಟ್ಟ ಪೊಂಜಿ ಅಂತ ತನಿಖೆಯವ್ರ ಆರೋಪ. ಧರ್ಮ ಬೇಡ, ಕಾಮರ್ಸ್ ಕಣ್ಣಿಂದಲೇ ನೋಡಿ, ವ್ಯಾಪಾರದಲ್ಲಿ ಪಾಲು ಅಂದ್ಮೇಲೆ ಅದು ಏರಬೇಕು ಇಳೀಬೇಕು. ಮಳೆ ಬರ್ಲಿ ಬಿಡ್ಲಿ ತಿಂಗಳು ತಿಂಗಳು ತಪ್ಪದೆ ಬರ್ತಿದ್ರೆ ಅದು ಬಡ್ಡಿ ಆಗಿರ್ಬೇಕು, ಇಲ್ಲಾಂದ್ರೆ ಮೋಸ ಆಗಿರ್ಬೇಕು.

ಮೂರನೇ ಸಲ ಸಿಕ್ಕಿಕೊಂಡಿದ್ದು ಆ ವರ್ಷದ ದೀಪಾವಳಿಗೆ ಮುಂಚೆ, ನನ್ನ ಪ್ರಕಾರ ಇಡೀ ಫೈಲಲ್ಲಿ ಸ್ವಾರಸ್ಯ ಇರೋದೇ ಇಲ್ಲಿ. ಮೆಷಿನ್ ಬಂದಿದೆ, ಆರ್ಡರ್ ತುಂಬಿದೆ, ಕೈಲಿ ದುಡ್ಡಿಲ್ಲ. ಡ್ಯೂಪ್ಲೆಕ್ಸ್ ಬೋರ್ಡಿಗೆ 2 ಲಕ್ಷ ಬೇಕು, ಹುಡುಗ್ರ ಸಂಬಳ ಬೋನಸ್ ಕರೆಂಟ್ ಬಿಲ್ ಸೇರಿ 1,50,000 ಬೇಕು. ಬೋರ್ಡ್ ಸಮಸ್ಯೆ ಇಲ್ಲ, ಸೊಸೈಟಿ ಬೋರ್ಡ್ ಕೊಂಡು ಮೂರು ತಿಂಗಳ ಕಡಕ್ಕೆ ಮಾರ್ತು, ಇನ್ನೊಂದು ಸಣ್ಣ ಮುರಾಬಹಾ. ಆದ್ರೆ ಸಂಬಳವನ್ನ ಕೊಂಡು ಮಾರೋದು ಹೆಂಗೆ? ವಸ್ತು ಇಲ್ಲ, ಮಾರಾಟ ಇಲ್ಲ, ಲಾಭ ಇಲ್ಲ. ಬ್ಯಾಂಕಲ್ಲಿ ಓಡಿ, ಅಂದ್ರೆ ಓವರ್‌ಡ್ರಾಫ್ಟ್, ಇದ್ರೆ ಒಂದು ಚೆಕ್ ಹರಿದು ಮುಗಿಸೋ ಕೆಲಸ.

ಆಗ ಕಮಿಟಿಯಲ್ಲೊಬ್ರು ಬುದ್ಧಿವಂತರು ಹೇಳಿದ್ರು, "ಭಾಯ್‌ಗೆ ಇನ್ನೂ 1,50,000ದ ಬೋರ್ಡ್ 1,58,000ಕ್ಕೆ ಕಡ ಮಾರೋಣ, ಅವ್ರು ಅದನ್ನ ಪಕ್ಕದ ಗೋಡೌನಿಗೆ ಅವತ್ತೇ ಕ್ಯಾಷ್‌ಗೆ ಮಾರ್ಲಿ, ಸಂಬಳ ಕೊಡ್ಲಿ." ಪ್ರತಿ ಹೆಜ್ಜೆಯೂ ಮಾರಾಟವೇ, ಎಲ್ಲಾ ಬಿಲ್ಲೂ ಸರಿಯಾಗೇ ಇರುತ್ತೆ. ಇದಕ್ಕೆ ತವರ್ರುಖ್ ಅಂತ ಹೆಸರು. ಗಿರಾಕಿ ತನ್ನ ಪಾಡಿಗೆ ತಾನು ಎಲ್ಲೋ ಮಾರ್ಕೊಂಡ್ರೆ ಒಪ್ಪೋ ಪಂಡಿತರು ಇದ್ದಾರೆ. ಸಂಸ್ಥೆಯೇ ಕೊಳ್ಳೋರನ್ನೂ ಗೊತ್ತುಮಾಡಿ ಮೊದಲಿನಿಂದ ಕೊನೆವರೆಗೆ ಜೋಡಿಸಿ ಕೊಟ್ರೆ ಸರಿಯಲ್ಲ ಅಂತ 2009ರಲ್ಲಿ ಶಾರ್ಜಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ತೀರ್ಪು ಕೊಟ್ಟಿದೆ, ಆದ್ರೂ ಗಲ್ಫಿನ ಮತ್ತು ಮಲೇಷ್ಯಾದ ಬ್ಯಾಂಕ್‌ಗಳಲ್ಲಿ ಇದು ಜೋರಾಗೇ ನಡೆಯುತ್ತೆ, ಬೋರ್ಡ್ ಬದಲು ಲೋಹ, ತಾಳೆ ಎಣ್ಣೆ, ಅಷ್ಟೇ. ಮುಫ್ತಿ ಸಾಹೇಬ್ರು ಭಾಯ್ ಕಡೆ ತಿರುಗಿ ಕೇಳಿದ್ರು, "ನಿಮಗೆ ಬೋರ್ಡ್ ಬೇಕಾ, ದುಡ್ಡು ಬೇಕಾ?" ಭಾಯ್ ಪಾಪ ಸುಳ್ಳು ಹೇಳೋ ಮನುಷ್ಯ ಅಲ್ಲ, "ದುಡ್ಡು ಬೇಕು ಹಜ್ರತ್" ಅಂದ್ರು. ಅಲ್ಲಿಗೆ ಆ ದಾರಿ ಮುಚ್ತು.

ಕೊನೆಗೆ ಸೊಸೈಟಿ 50,000 ಖರ್ಜೆ ಹಸನಾ ಕೊಡ್ತು, ಅಂದ್ರೆ ಕೊಟ್ಟಷ್ಟೇ ವಾಪಸ್, ಸ್ಟ್ಯಾಂಪ್ ಪೇಪರು ನೋಟರಿಗೆ ಆದ ನಿಜವಾದ ಖರ್ಚು ಮಾತ್ರ ಮೇಲೆ. ಪರ್ಸೆಂಟೇಜ್ ಲೆಕ್ಕದಲ್ಲಿ ಸರ್ವೀಸ್ ಚಾರ್ಜ್ ಹಾಕಿದ್ರೆ ಅದು ಹಿಂಬಾಗಿಲಿಂದ ಬಂದ ಬಡ್ಡಿ ಅಂತ ಅಲ್ಲಿ ಮೊದಲೇ ತೀರ್ಮಾನ ಆಗಿತ್ತು. ಇನ್ನೂ 1,00,000 ಬೇಕಿತ್ತಲ್ಲ, ಅದಕ್ಕೆ ಭಾಯ್ ತಮಗೆ ಗೊತ್ತಿದ್ದ ಹಳೇ ದಾರಿ ಹಿಡಿದ್ರು. ಒಂದು ಸ್ವೀಟ್ ಅಂಗಡಿಗೆ ಹೋಗಿ, ಹಬ್ಬಕ್ಕೆ 20,000 ಡಬ್ಬಿ ಬೇಕಲ್ಲ, ಈಗ್ಲೇ ಪೂರ್ತಿ ದುಡ್ಡು ಕೊಡಿ, 7 ರೂಪಾಯಿ ಡಬ್ಬೀನ ಆರೂವರೆಗೆ ಕೊಡ್ತೀನಿ ಅಂದ್ರು. ಅಂಗಡಿ ಶೆಟ್ರು ಅಳತೆ, ಬೋರ್ಡ್ ದಪ್ಪ, ಪ್ರಿಂಟ್, ಡೆಲಿವರಿ ತಾರೀಕು ಎಲ್ಲಾ ಒಂದು ಚೀಟೀಲಿ ಬರೆಸ್ಕೊಂಡು 1,30,000 ಟ್ರಾನ್ಸ್‌ಫರ್ ಮಾಡಿದ್ರು. ಮಾಡಿಕೊಡೋ ವಸ್ತುವಿಗೆ ಮುಂಗಡ ಬೆಲೆ ತಗೊಳ್ಳೋದು ಶರೀಅದಲ್ಲಿ ಇಸ್ತಿಸ್ನಾ, ಸಲಮ್ ಅನ್ನೋ ಹೆಸರಿನ ಹಳೇ ಕರಾರುಗಳೇ, ವಿವರ ಚೊಕ್ಕವಾಗಿ ಇರ್ಬೇಕು ಅಷ್ಟೇ. ಶೆಟ್ರಿಗೆ ಅದೆಲ್ಲ ಗೊತ್ತಿಲ್ಲ, ಅವ್ರಿಗೆ ಅದು ಅಡ್ವಾನ್ಸ್ ಆರ್ಡರ್.

ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟಿದ್ದು ಇದನ್ನೇ. ಆರು ವಾರಕ್ಕೆ ಮುಂಚೆ 1,30,000 ಸಿಕ್ಕಿದ್ದಕ್ಕೆ ಭಾಯ್ ಬಿಟ್ಕೊಟ್ಟಿದ್ದು 10,000. ವರ್ಷದ ಲೆಕ್ಕಕ್ಕೆ ತಿರುಗಿಸಿದ್ರೆ 66 ಪರ್ಸೆಂಟ್ ದಾಟುತ್ತೆ, ಯಾವ ಬ್ಯಾಂಕ್ ಓಡಿಯೂ ಅಷ್ಟು ದುಬಾರಿ ಇಲ್ಲ. ಇದನ್ನ ಭಾಯ್‌ಗೆ ನಾನೇ ಫೋನಲ್ಲಿ ಹೇಳ್ದೆ. ಹಿಂದೆ ಪಂಚಿಂಗ್ ಮೆಷಿನ್ನಿನ ಸದ್ದು ದಡ್ ದಡ್ ಅಂತ ಕೇಳ್ತಿತ್ತು. "ಗೊತ್ತು ಸಾರ್, ಆದ್ರೆ ಶೆಟ್ರು ಹೋದ ಸಲ 12,000 ಡಬ್ಬಿ ತಗೊಂಡಿದ್ರು, ಈ ಸಲ ಇಪ್ಪತ್ತು" ಅಂದು, ಬೋರ್ಡ್ ಲಾರಿ ಬಂತು ಅಂತ ಫೋನ್ ಇಟ್ರು.